ಗಂಟೆ ಹೊಡೆಯುವ ಮೊದಲಿನ 7 ನಿಮಿಷ

ಹೋದ ವರ್ಷ ಹತ್ತನೇ ತರಗತಿಯ ಕಿರುಪರೀಕ್ಷೆಯಲ್ಲಿ ಒಂದು ಲೆಕ್ಕ ಕೊಟ್ಟಿದ್ದೆ. 3 ಓಮ್ ಮತ್ತು 6 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಉತ್ತರ 2 ಓಮ್. ಒಂದಷ್ಟು ಮಕ್ಕಳು 9 ಎಂದು ಬರೆದಿದ್ದರು. ಇನ್ನೊಂದಷ್ಟು ಮಕ್ಕಳು 1/2 ಎಂದು ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. ನನಗೆ ಬೇಜಾರಾಗಿದ್ದು ತಪ್ಪಿಗಲ್ಲ. ಈ ಎರಡು ತಪ್ಪುಗಳೂ ಪಾಠ ಮಾಡಿದ ದಿನವೇ ಅವರ ತಲೆಯಲ್ಲಿದ್ದವು, ನನಗೆ ಗೊತ್ತಾಗಿದ್ದು ಮೂರು ವಾರದ ಮೇಲೆ. ಅದಕ್ಕೆ ಬೇಜಾರು.

ಆ ದಿನದ ಪಾಠ ಟಿಪ್ಪಣಿ ತೆಗೆದು ನೋಡಿದೆ. ಕೊನೆಯ ಸಾಲಿನಲ್ಲಿ ನನ್ನದೇ ಕೈಬರಹ: "ಪುನರಾವಲೋಕನ, 5 ನಿಮಿಷ." ಅದಕ್ಕೆ ಹಿಂದಿನ ದಿನವೂ ಹಾಗೇ ಇದೆ, ಮುಂದಿನ ದಿನವೂ ಹಾಗೇ ಇದೆ. ಬಿ.ಎಡ್. ಕಾಲದಿಂದ ಬಂದ ಅಭ್ಯಾಸ ಅದು, ಕೈ ತಾನಾಗಿಯೇ ಬರೆಯುತ್ತದೆ. ಆದರೆ ಆ 5 ನಿಮಿಷ ನಿಜವಾಗಿ ನಡೆದದ್ದು ಯಾವಾಗ ಅಂತ ಕೇಳಿಕೊಂಡರೆ ಒಂದು ದಿನವೂ ನೆನಪಿಗೆ ಬರಲಿಲ್ಲ. ನೆನಪಿಗೆ ಬಂದದ್ದು ಗಂಟೆ ಹೊಡೆಯುತ್ತಿರುವಾಗ ನಾನು ಜೋರಾಗಿ "ಅರ್ಥ ಆಯ್ತಾ?" ಅನ್ನುವುದು, ಮಕ್ಕಳು ಬ್ಯಾಗಿನ ಜಿಪ್ ಎಳೆಯುತ್ತಾ ಒಂದೇ ರಾಗದಲ್ಲಿ "ಆಯ್ತು ಮಿಸ್" ಅನ್ನುವುದು.

ಈ ವರ್ಷ ವಿದ್ಯುಚ್ಛಕ್ತಿಯ ಅಧ್ಯಾಯ ಶುರುವಾದಾಗ ಒಂದು ತೀರ್ಮಾನ ಮಾಡಿದೆ. ಸಮಾಂತರ ಜೋಡಣೆಯ ಪಾಠ ಬರುವಷ್ಟರಲ್ಲಿ ನನ್ನ 50 ನಿಮಿಷ ಎಲ್ಲಿಗೆ ಹೋಗುತ್ತದೆ ಅಂತ ಪತ್ತೆ ಹಚ್ಚಬೇಕು.

ನಮ್ಮದು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆ. ಹತ್ತನೇ ತರಗತಿಗೆ ನನ್ನ ವಿಜ್ಞಾನದ ಪಿರಿಯಡ್ ಬರುವುದು ಬೆಳಗಿನ ಸಣ್ಣ ವಿರಾಮದ ಮೇಲೆ. 42 ಮಕ್ಕಳು. ಗಣಿತದ ಮೇಷ್ಟ್ರಿಗೆ ಆ ಹೊತ್ತು ಬಿಡುವು. ಅವರು ನನಗಿಂತ ಹದಿನೈದು ವರ್ಷ ಹಿರಿಯರು. ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡಿ ಬರೆದುಕೊಡ್ತೀರಾ ಸರ್ ಅಂದೆ. "ಪಾಠ ಹೇಗಿತ್ತು ಅಂತ ಹೇಳಲ್ಲಮ್ಮ, ಬರೀ ಟೈಮ್ ಬರೀತೀನಿ" ಅಂದರು. ನನಗೆ ಬೇಕಿದ್ದದ್ದೂ ಅದೇ.

ಅವತ್ತು ಓಮ್‌ನ ನಿಯಮದ ಪ್ರಯೋಗ. ಒಂದು ಸೆಲ್, ಎರಡು ಸೆಲ್, ಮೂರು ಸೆಲ್ ಅಂತ ಹಾಕುತ್ತಾ ಹೋಗುವುದು, ನಿಕ್ರೋಮ್ ತಂತಿಯಲ್ಲಿ ಎಷ್ಟು ಪ್ರವಾಹ ಹರಿಯಿತು ಅಂತ ಅಮ್ಮೀಟರಿನಲ್ಲಿ ಓದುವುದು. ನಮ್ಮಲ್ಲಿ ಇರುವುದು 5 ಸೆಟ್. ಅಂದರೆ 5 ಗುಂಪು. ಪಾಠ ಚೆನ್ನಾಗಿಯೇ ಆಯಿತು ಅನ್ನಿಸಿತ್ತು. ಗಂಟೆ ಹೊಡೆದಾಗ ಮೇಷ್ಟ್ರು ಒಂದು ಹಾಳೆ ಕೈಗೆ ಕೊಟ್ಟು ತಮ್ಮ ಕ್ಲಾಸಿಗೆ ಹೋದರು.

ಹಾಳೆಯಲ್ಲಿ ಹೀಗಿತ್ತು. ಗಂಟೆ ಹೊಡೆದ ಮೇಲೆ ನಾನು ಪಾಠದ ಮೊದಲ ಮಾತು ಆಡುವವರೆಗೆ 5 ನಿಮಿಷ. ಮನೆಗೆಲಸ ನೋಡಿದ್ದಕ್ಕೆ 7. ಹಿಂದಿನ ಪಾಠ ನೆನಪಿಸಿದ್ದಕ್ಕೆ 5. ಬೋರ್ಡಿನಲ್ಲಿ ಮಂಡಲ ಬರೆದು ವಿವರಿಸಿದ್ದಕ್ಕೆ 6. ಮಕ್ಕಳು ಅದನ್ನು ಬರೆದುಕೊಳ್ಳಲು 4. ಗುಂಪು ಮಾಡಿ ಸಾಮಾನು ಹಂಚಿದ್ದಕ್ಕೆ 6. ಪ್ರಯೋಗ 8. ಪ್ರಶ್ನೆಗಳು 6. ಸಾಮಾನು ವಾಪಸ್ ತಗೊಂಡಿದ್ದು 3. ಒಟ್ಟು ಸರಿಯಾಗಿ 50. ಕೆಳಗೆ ಮೇಷ್ಟ್ರು ಒಂದು ಸಾಲು ಸೇರಿಸಿದ್ದರು: "ಪುನರಾವಲೋಕನ: ಕಾಣಲಿಲ್ಲ."

ಆ ಹಾಳೆಯನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಸಲ ಓದಿದೆ. ನಾನು ಅಂದುಕೊಂಡಿದ್ದು, ಮಕ್ಕಳ ಪ್ರಶ್ನೆಗಳೇ ಸಮಯ ತಿನ್ನುತ್ತವೆ ಅಂತ. ಅವಕ್ಕೆ ಹೋಗಿದ್ದು 6 ನಿಮಿಷ. ಒಳಗೆ ಬಂದು ಕೂರುವುದು, ಸಾಮಾನು ಹಂಚುವುದು, ವಾಪಸ್ ತಗೊಳ್ಳುವುದು, ಈ ಮೂರಕ್ಕೆ 14 ನಿಮಿಷ. ಪ್ರಯೋಗಕ್ಕಿಂತ ಜಾಸ್ತಿ! ನನ್ನ ಪಾಠ ಟಿಪ್ಪಣಿಯಲ್ಲಿ ಇವಕ್ಕೆ ಒಂದು ನಿಮಿಷವನ್ನೂ ಬರೆದಿರಲಿಲ್ಲ. ಅಲ್ಲಿ "ಗುಂಪು ಚಟುವಟಿಕೆ, 12 ನಿಮಿಷ" ಅಂತಿತ್ತು. ಗುಂಪಾಗಿ ಕೂರುವುದಕ್ಕೆ ಯಾರ ನಿಮಿಷ ಖರ್ಚಾಗಬೇಕು ಅಂತ ಯೋಚಿಸಿಯೇ ಇರಲಿಲ್ಲ. ಹೀಗೆ ಲೆಕ್ಕಕ್ಕೆ ಸಿಗದ ನಿಮಿಷಗಳೆಲ್ಲ ಮುಂದಕ್ಕೆ ತಳ್ಳುತ್ತಾ ಹೋಗುತ್ತವೆ. ಕೊನೆಯಲ್ಲಿ ಯಾರು ನಿಂತಿರುತ್ತಾರೋ ಅವರು ಹಳ್ಳಕ್ಕೆ ಬೀಳುತ್ತಾರೆ. ಕೊನೆಯಲ್ಲಿ ಯಾವಾಗಲೂ ನಿಂತಿರುತ್ತಿದ್ದದ್ದು ಪುನರಾವಲೋಕನ.

ಸರಿ, ಮಾರನೇ ದಿನವೇ ಮೊದಲ ಉಪಾಯ. ಮೊಬೈಲಿನಲ್ಲಿ 43ನೇ ನಿಮಿಷಕ್ಕೆ ಅಲಾರಂ ಇಟ್ಟೆ. ಅದು ಬಡಿದುಕೊಂಡಾಗ ನಾನು ರೋಧವು ತಂತಿಯ ಉದ್ದದ ಮೇಲೆ ಹೇಗೆ ಅವಲಂಬಿಸಿದೆ ಅನ್ನುವ ಲೆಕ್ಕದ ಅರ್ಧದಲ್ಲಿದ್ದೆ. ಬಿಡುವ ಹಾಗಿಲ್ಲ, ಮುಗಿಸುವ ಹಾಗಿಲ್ಲ. "ಒಂದೇ ನಿಮಿಷ" ಅಂದೆ. ಆ ಒಂದು ನಿಮಿಷ ಗಂಟೆಯವರೆಗೆ ಹೋಯಿತು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಅಲಾರಂ ಬಡಿದಾಗ ಮೊದಲ ಬೆಂಚಿನ ಹುಡುಗಿಯೇ "ಒಂದೇ ನಿಮಿಷ ಮಿಸ್" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲ್ಲಿ ನಿಲ್ಲಿಸಬಹುದು ಅಂತ ಪಾಠದಲ್ಲೇ ಮೊದಲೇ ಗುರುತಿಲ್ಲದಿದ್ದರೆ ಅಲಾರಂ ಏನು ಮಾಡೀತು? ಸುಮ್ನೆ ಬೈಯುತ್ತದೆ ಅಷ್ಟೆ.

ಎರಡನೇ ಉಪಾಯ ಇನ್ನೂ ಕೆಟ್ಟದಾಗಿತ್ತು. "ಪ್ರಶ್ನೆಗಳೆಲ್ಲ ಪಾಠ ಮುಗಿದ ಮೇಲೆ" ಅಂದೆ. ನಿಜ ಹೇಳಬೇಕೆಂದರೆ ಓಮ್‌ನ ನಿಯಮದ ದಿನ ನನ್ನನ್ನು ದಾರಿ ತಪ್ಪಿಸಿದ ಪ್ರಶ್ನೆಯ ಸಿಟ್ಟು ಒಳಗಿತ್ತು. ಒಬ್ಬ ಹುಡುಗ ಕೇಳಿದ್ದ, "ಮನೆ ಕರೆಂಟಿಗೆ ಸಮ ಆಗ್ಬೇಕಂದ್ರೆ ಎಷ್ಟು ಸೆಲ್ ಹಾಕ್ಬೇಕು ಮಿಸ್?" ಸೊಗಸಾದ ಪ್ರಶ್ನೆ. 220ನ್ನು ಒಂದೂವರೆಯಿಂದ ಭಾಗಿಸಿದರೆ 147ರ ಹತ್ತಿರ ಬರುತ್ತದೆ. ಅಲ್ಲಿಗೆ ನಿಲ್ಲಿಸದೆ ಶಾಕ್ ಹೊಡೆಯುವುದು, ಎ.ಸಿ., ಡಿ.ಸಿ. ಅಂತೆಲ್ಲ ಹೋಗಿದ್ದು ನಾನು, ಅವನಲ್ಲ. ಪ್ರಶ್ನೆ ನಿಷೇಧಿಸಿದ ಎರಡು ದಿನ ಕ್ಲಾಸು ಗಪ್‌ಚಿಪ್. ಸಮಯ ಉಳಿಯಿತು. ಆದರೆ ಸರಣಿ ಜೋಡಣೆಯ ಪಾಠದಲ್ಲಿ ಬೋರ್ಡಿನ ಮೇಲೆ ನಾನೇ ಓಮ್ ಬದಲು ಆಂಪಿಯರ್ ಅಂತ ಬರೆದಿದ್ದೆ. ಯಾರೂ ಹೇಳಲಿಲ್ಲ. 42 ಪುಸ್ತಕಗಳಲ್ಲಿ ಹಾಗೇ ಇಳಿಯಿತು. ಉಪಾಯ ಎರಡನ್ನು ಅವತ್ತೇ ಕೈಬಿಟ್ಟೆ.

ಆ ಎರಡು ದಿನದಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಮಕ್ಕಳು ಸುಮ್ಮನಿದ್ದರೂ ಪ್ರಶ್ನೆಗಳಿಗೆ ಸಮಯ ಹೋಗುತ್ತಲೇ ಇತ್ತು, ಯಾಕೆಂದರೆ ಕೇಳುತ್ತಿದ್ದವಳು ನಾನು. ಮೇಷ್ಟ್ರನ್ನು ಮತ್ತೆ ಕೂರಿಸಿ ಬರೀ ನನ್ನ ಪ್ರಶ್ನೆ ಎಣಿಸಿ ಅಂದೆ. ಒಂದು ಪಿರಿಯಡ್‌ನಲ್ಲಿ 31. ಕೇಳುವುದು, ಉಸಿರು ಬಿಡುವಷ್ಟರಲ್ಲಿ ಉತ್ತರ ಬರದಿದ್ದರೆ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುವುದು, ಆಗಲೂ ಬರದಿದ್ದರೆ ನಾನೇ ಹೇಳಿಬಿಡುವುದು. ಅಮೆರಿಕದಲ್ಲಿ ಮೇರಿ ಬಡ್ ರೋವ್ ಅನ್ನುವವರು 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ ಅಂತ ಅವರು ಕಂಡರು. ಟ್ರೈನಿಂಗಿನಲ್ಲಿ ಕೇಳಿದ್ದೆ, ಮರೆತಿದ್ದೆ. ಕಾದರೆ ಸಮಯ ಹೋಗುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ನನ್ನ ಕ್ಲಾಸಿನಲ್ಲಿ ಉಲ್ಟಾ ಆಯಿತು. ಮೂರು ಸೆಕೆಂಡು ಸುಮ್ಮನೆ ನಿಂತರೆ ಒಂದು ಪ್ರಶ್ನೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಪ್ರಶ್ನೆಗಳು 12ಕ್ಕೆ ಇಳಿದವು.

ಮೂರನೇ ಸಲ ಟಿಪ್ಪಣಿಯನ್ನು ಕೆಳಗಿನಿಂದ ಮೇಲಕ್ಕೆ ಬರೆದೆ. ಸಮಾಂತರ ಜೋಡಣೆಯ ಪಾಠಕ್ಕೆ ಮೊದಲು ಬರೆದದ್ದು ಕೊನೆಯ ಸಾಲು. 50ಕ್ಕೆ ಗಂಟೆ. 48ರಿಂದ 50 ಖಾಲಿ. ಆ 2 ನಿಮಿಷ ಯಾಕೆ ಅಂದರೆ, ನಮ್ಮಲ್ಲಿ ಗಂಟೆ ಹೊಡೆಯುವುದು ಕೈಯಿಂದ, ಆಫೀಸಿನ ಗಡಿಯಾರ ನೋಡಿಕೊಂಡು. ಒಂದೊಂದು ದಿನ ಒಂದು ನಿಮಿಷ ಮುಂಚೆಯೇ ಹೊಡೆದುಬಿಡುತ್ತಾರೆ. ನನ್ನ ಕೈಗಡಿಯಾರಕ್ಕೂ ಆಫೀಸಿನದಕ್ಕೂ ವ್ಯತ್ಯಾಸ ಬೇರೆ ಇತ್ತು. ಅದನ್ನು ಸರಿ ಮಾಡಿಕೊಂಡೆ. ಕ್ಲಾಸಿನ ಗಡಿಯಾರ ಬೋರ್ಡಿನ ಮೇಲಿತ್ತು, ಮಕ್ಕಳಿಗೆ ಕಾಣುತ್ತಿತ್ತು, ನನಗೆ ಬೆನ್ನು. ಅಟೆಂಡರ್ ಹತ್ತಿರ ಹಿಂದಿನ ಗೋಡೆಗೆ ಮೊಳೆ ಹೊಡೆಸಿ ಅಲ್ಲಿಗೆ ಹಾಕಿಸಿದೆ. ಇಷ್ಟು ಸಣ್ಣ ಕೆಲಸ ಹನ್ನೊಂದು ವರ್ಷದಲ್ಲಿ ಹೊಳೆದಿರಲಿಲ್ಲ.

41ರಿಂದ 48, ಪುನರಾವಲೋಕನ. 5 ನಿಮಿಷ ಸಾಲದು ಅಂತ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ಮಕ್ಕಳು ಪುಸ್ತಕ ಮುಚ್ಚಿ ಚೀಟಿಯಲ್ಲಿ ಒಂದು ಉತ್ತರ ಬರೆಯಲು 3 ನಿಮಿಷ ಬೇಕು. ಪಕ್ಕದವರ ಜೊತೆ ಹೋಲಿಸಿ ನೋಡಲು 1. ಬೋರ್ಡಿನ ಮೇಲೆ ಬಿಡಿಸಿ, ತಪ್ಪೆಲ್ಲಿ ಆಗುತ್ತದೆ ಅಂತ ಮಾತಾಡಲು 3. ನಾನೇ ಪಾಠದ ಸಾರಾಂಶ ಹೇಳುವುದಾದರೆ 2 ನಿಮಿಷ ಸಾಕು. ಆದರೆ ಅದರಿಂದ ನೆನಪಾಗುವುದು ನನಗೆ, ಅವರಿಗಲ್ಲ.

ಅಲ್ಲಿಗೆ 41 ಅನ್ನುವುದು ಗೋಡೆ ಆಯಿತು. ಉಳಿದದ್ದನ್ನೆಲ್ಲ ಅದರ ಈಚೆಗೆ ಕೂರಿಸಬೇಕು. 0ರಿಂದ 4, ಬೋರ್ಡಿನ ಮೇಲೆ ಮೊದಲೇ ಬರೆದಿಟ್ಟ ಒಂದು ಸಣ್ಣ ಲೆಕ್ಕ. 4ರಿಂದ 8, ಮನೆಗೆಲಸದಲ್ಲಿ ಒಂದೇ ಲೆಕ್ಕದ ಚರ್ಚೆ. 8ರಿಂದ 12, ಹೊಸ ಮಂಡಲ ಮತ್ತು ಊಹೆ. 12ರಿಂದ 25, ಗುಂಪಿನಲ್ಲಿ ಪ್ರಯೋಗ, ಹಂಚುವುದೂ ಸೇರಿ. 25ರಿಂದ 35, ಯಾಕೆ ಹಾಗಾಯಿತು, ಸೂತ್ರ ಎಲ್ಲಿಂದ ಬಂತು. 35ರಿಂದ 38 ಒಂದು ಲೆಕ್ಕ. 38ರಿಂದ 41 ಇನ್ನೊಂದು ಲೆಕ್ಕ. ಈ ಎರಡನೇ ಲೆಕ್ಕದ ಸುತ್ತ ಪೆನ್ಸಿಲಿನಲ್ಲಿ ಒಂದು ಚೌಕ ಹಾಕಿದೆ. ಅದು ಬಿಡಬಹುದಾದ ಭಾಗ. ತಡವಾದರೆ ಅದು ಹೋಗುತ್ತದೆ, ಪುನರಾವಲೋಕನ ಹೋಗುವುದಿಲ್ಲ.

ಈ ಚೌಕದ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಇಡೀ ಬದಲಾವಣೆಯಲ್ಲಿ ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಇದೇ. ಏನನ್ನು ಬಿಡಬೇಕು ಅನ್ನುವುದನ್ನು ಕ್ಲಾಸಿನಲ್ಲಿ ನಿಂತು ತೀರ್ಮಾನಿಸಲು ಆಗುವುದಿಲ್ಲ. ಅಲ್ಲಿ ಎಲ್ಲವೂ ಮುಖ್ಯ ಅನ್ನಿಸುತ್ತದೆ. ಹಿಂದಿನ ರಾತ್ರಿ, ಮನೆಯಲ್ಲಿ, ತಣ್ಣಗೆ ಕೂತಾಗಲೇ ಅದನ್ನು ಗುರುತಿಸಬೇಕು. ಬಿಡುವ ಭಾಗ ಗೋಡೆಗೆ ಅಂಟಿಕೊಂಡೇ ಇರಬೇಕು, ಅಂದರೆ ಪುನರಾವಲೋಕನದ ಸ್ವಲ್ಪ ಮುಂಚೆ. ಮೊದಲೇ ಇದ್ದರೆ ತಡವಾಗಿದೆ ಅಂತ ಗೊತ್ತಾಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಇನ್ನೊಂದು, ಬಿಟ್ಟರೂ ಕೊನೆಯ ಚೀಟಿಯ ಪ್ರಶ್ನೆಗೆ ಉತ್ತರ ಬರೆಯಲು ಆಗುವಂತಿರಬೇಕು. ಒಮ್ಮೆ ಇದನ್ನು ಮರೆತು, ಬಿಟ್ಟ ಭಾಗದಿಂದಲೇ ಚೀಟಿಯ ಪ್ರಶ್ನೆ ಕೇಳಿ ಮಕ್ಕಳು ಪಿಳಿಪಿಳಿ ನೋಡಿದ್ದರು. ಈ ಸಲ ಎರಡನೇ ಲೆಕ್ಕ 4 ಓಮ್ ಮತ್ತು 12 ಓಮ್. ಬಿಟ್ಟರೆ ಅದೇ ಮನೆಗೆಲಸ. ಮನೆಗೆಲಸವನ್ನು ಪಿರಿಯಡ್ ಶುರುವಾಗುವಾಗಲೇ ಬೋರ್ಡಿನ ಎಡ ಮೂಲೆಯಲ್ಲಿ ಬರೆದಿಟ್ಟೆ. ಮೊದಲೆಲ್ಲ ಅದನ್ನು ಕೊನೆಗೆ ಹೇಳುತ್ತಿದ್ದೆ. ಮನೆಗೆಲಸ ಅನ್ನುವ ಶಬ್ದ ಕಿವಿಗೆ ಬಿದ್ದರೆ ಮಕ್ಕಳಿಗೆ ಪಾಠ ಮುಗಿಯಿತು ಅಂತಲೇ ಅರ್ಥ.

ಸಾಮಾನು ಹಂಚುವ ಕೆಲಸ ಹೇಗೆ ಇಳಿಸಿದೆ ಅಂದರೆ, ವಿರಾಮ ಮುಗಿಯುವ ಮುಂಚೆ ಐದು ಗುಂಪಿನ ಲೀಡರ್‌ಗಳು ಲ್ಯಾಬಿಗೆ ಬಂದು ತಟ್ಟೆ ತಗೊಂಡು ಹೋಗಿ ಬೆಂಚಿನ ಕೆಳಗೆ ಇಡಬೇಕು. ತಟ್ಟೆಯಲ್ಲಿ ಎಲ್ಲ ಇರುತ್ತದೆ, ಸೆಲ್ ಒಂದು ಬಿಟ್ಟು. ಸೆಲ್ ನನ್ನ ಹತ್ತಿರ. ಮಕ್ಕಳ ಕೈಗೆ ಸೆಲ್ ಸಿಕ್ಕಿತು ಅಂದರೆ ತಂತಿಯ ಎರಡು ತುದಿಯನ್ನೂ ಅದಕ್ಕೇ ತಾಗಿಸಿ "ಬಿಸಿ ಆಯ್ತು ನೋಡೋ" ಅಂತ ಶುರು ಮಾಡುತ್ತಾರೆ. ಸೆಲ್ಲೂ ಸಾಯುತ್ತದೆ, ಪಾಠವೂ ಸಾಯುತ್ತದೆ. ಪ್ರಯೋಗ ಶುರುವಾಗುವಾಗ ಸೆಲ್ ಕೊಡುವುದು, ಮುಗಿದ ಕೂಡಲೇ ಸೆಲ್ ಮಾತ್ರ ವಾಪಸ್. ಮಿಕ್ಕ ಸಾಮಾನು ಗಂಟೆ ಹೊಡೆದ ಮೇಲೆ ಲೀಡರ್‌ಗಳೇ ಎತ್ತಿಕೊಂಡು ಹೋಗುತ್ತಾರೆ. ಮೊದಲು ಹಂಚಲು 6, ವಾಪಸ್‌ಗೆ 3 ಆಗುತ್ತಿತ್ತು. ಈಗ ಎರಡೂ ಸೇರಿ 3.

ಇನ್ನು ಪ್ರಶ್ನೆಗಳು. ಬೋರ್ಡಿನ ಬಲಗಡೆ ಒಂದು ಗೆರೆ ಎಳೆದು "ಪ್ರಶ್ನೆ ಮೂಲೆ" ಅಂತ ಬರೆದೆ. ಒಂದು ಪ್ರಶ್ನೆ ಬಂದಾಗ ಮನಸ್ಸಿನಲ್ಲಿ ಒಂದೇ ಕೇಳಿಕೊಳ್ಳುತ್ತೇನೆ: ಇದಕ್ಕೆ ಉತ್ತರ ಸಿಗದಿದ್ದರೆ ಇವನು ಮುಂದಿನ ಹೆಜ್ಜೆ ಇಡಲು ಆಗುತ್ತದಾ? ಆಗುವುದಿಲ್ಲ ಅಂದರೆ ಅಲ್ಲೇ ಉತ್ತರ, ಎಷ್ಟೇ ಹೊತ್ತಾಗಲಿ. ಆಗುತ್ತದೆ ಅಂದರೆ ಮೂಲೆಗೆ. ಆದರೆ ಈ ಮೂಲೆ ಮೊದಲ ವಾರ ನನ್ನ ಮರ್ಯಾದೆ ಕಳೆಯಿತು. ಬರೆದದ್ದಕ್ಕೆ ಉತ್ತರ ಹೇಳದೆಯೇ ಒರೆಸಿಬಿಡುತ್ತಿದ್ದೆ. ಒಬ್ಬ ಪಕ್ಕದವನಿಗೆ ಪಿಸುಗುಟ್ಟಿದ್ದು ನನಗೇ ಕೇಳಿಸಿತು: "ಆ ಮೂಲೇಗೆ ಹೋದ್ರೆ ಮುಗೀತು ಬಿಡೋ." ಅದಾದ ಮೇಲೆ ಮಾರನೇ ದಿನದ ಮೊದಲ 4 ನಿಮಿಷದ ಕೆಲಸವನ್ನು ಮೂಲೆಯಿಂದಲೇ ಆರಿಸಲು ಶುರು ಮಾಡಿದೆ.

ಸಮಾಂತರ ಜೋಡಣೆಯ ಪಾಠದ ದಿನ ಬಂತು. ಮಕ್ಕಳು ವಿರಾಮದಿಂದ ಬರುವಾಗ ಬೋರ್ಡಿನ ಮೇಲೆ ಸರಣಿ ಜೋಡಣೆಯ ಒಂದು ಲೆಕ್ಕ ಕಾಯುತ್ತಿತ್ತು. ಬಂದವರು ಬಂದ ಹಾಗೆ ಬರೆಯಲು ಕೂತರು. ನೀರು ಕುಡಿಯಲು ಹೋದ ನಾಲ್ಕು ಜನ ತಡ. ಅವರಿಗಾಗಿ ಕಾಯಲಿಲ್ಲ. ಆದರೂ ಮನೆಗೆಲಸ ಮುಗಿದಾಗ 10 ಆಗಿತ್ತು, 2 ನಿಮಿಷ ಹಿಂದೆ.

ಊಹೆಯ ಪ್ರಶ್ನೆ ಇದು. ಎರಡು ಸೆಲ್, ಅಂದರೆ 3 ವೋಲ್ಟ್. ಒಂದು 10 ಓಮ್ ರೋಧಕ ಹಾಕಿದರೆ ಅಮ್ಮೀಟರ್ 0.3 ಆಂಪಿಯರ್ ಹತ್ತಿರ ತೋರಿಸುತ್ತದೆ. ಈಗ ಅದರ ಪಕ್ಕದಲ್ಲೇ, ಸಮಾಂತರವಾಗಿ, ಇನ್ನೊಂದು 10 ಓಮ್ ಹಾಕಿದರೆ ಮುಳ್ಳು ಮೇಲಕ್ಕೆ ಹೋಗುತ್ತದೋ ಕೆಳಕ್ಕೆ ಬರುತ್ತದೋ? ಕೈ ಎತ್ತಿಸಿದೆ. ಮುಕ್ಕಾಲು ಕ್ಲಾಸು ಕೆಳಕ್ಕೆ ಅಂದಿತು. ಇನ್ನೊಂದು ರೋಧ ಬಂದರೆ ಅಡ್ಡಿ ಜಾಸ್ತಿ ಆಗಬೇಕಲ್ಲ ಅನ್ನುವುದು ಅವರ ವಾದ. 9 ಅಂತ ಬರೆಯುವವರು ಹುಟ್ಟುವುದು ಇಲ್ಲೇ.

ಸೆಲ್ ಕೊಟ್ಟೆ. ಮುಳ್ಳು 0.6ರ ಹತ್ತಿರಕ್ಕೆ ಏರಿದಾಗ ಐದು ಗುಂಪಿನಿಂದಲೂ ಒಂದೊಂದು ಕೂಗು. ಒಂದು ಗುಂಪಿನಲ್ಲಿ ಮಾತ್ರ 0.45 ಹತ್ತಿರ ನಿಂತಿತು, ಸೆಲ್ ಹಳೆಯದು. ಮೊದಲಾಗಿದ್ದರೆ ಅಲ್ಲೇ ನಿಂತು ಸೆಲ್ ಬದಲಿಸಿ ಮೂರು ನಿಮಿಷ ಕಳೆಯುತ್ತಿದ್ದೆ. ಈ ಸಲ "ಏರಿತೋ ಇಳಿಯಿತೋ ಅಷ್ಟು ನೋಡಿ ಸಾಕು" ಅಂದೆ. ಅವತ್ತಿನ ಪಾಠಕ್ಕೆ ಬೇಕಿದ್ದದ್ದು ಅಷ್ಟೇ. ಸೆಲ್ ವಾಪಸ್ ತಗೊಂಡಾಗ ಗಡಿಯಾರದಲ್ಲಿ 28.

ಯಾಕೆ ಅನ್ನುವ ಭಾಗ 10 ನಿಮಿಷ ಅಂತ ಬರೆದಿದ್ದೆ, 11 ಆಯಿತು. ಎರಡು ಪ್ರಶ್ನೆ ಬಂದವು. ಒಂದು, "ಎರಡೂ ದಾರಿಗೆ 3 ವೋಲ್ಟೇ ಹೇಗೆ ಸಿಗುತ್ತೆ ಮಿಸ್, ಹಂಚಿಕೊಳ್ಳಲ್ವಾ?" ಇದಕ್ಕೆ ಉತ್ತರ ಇಲ್ಲದೆ ಮುಂದೆ ಹೋಗುವ ಹಾಗೇ ಇಲ್ಲ. ಎರಡೂ ರೋಧಕಗಳ ತುದಿಗಳು ಬ್ಯಾಟರಿಯ ಅದೇ ಎರಡು ತುದಿಗೆ ಸೇರಿವೆ ಅಂತ ಬಣ್ಣದ ಚಾಕ್‌ಪೀಸಿನಲ್ಲಿ ತಂತಿಯ ಮೇಲೆ ಬೆರಳಿಟ್ಟು ತೋರಿಸಿದೆ. 3 ನಿಮಿಷ ಹೋಯಿತು, ಹೋಗಬೇಕಿತ್ತು. ಎರಡನೆಯದು ಹಿಂದಿನ ಬೆಂಚಿನಿಂದ: "ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದ್ರೆ ಒಂದು ಸಾಲೇ ಆರಿಹೋಗುತ್ತೆ, ಮನೇಲಿ ಯಾಕೆ ಹಾಗಾಗಲ್ಲ?" ನನ್ನ ಬಾಯಿ ತೆರೆದೇ ಬಿಟ್ಟಿತ್ತು. ಇದಕ್ಕಿಂತ ಒಳ್ಳೆಯ ಪ್ರಶ್ನೆ ಆ ಪಾಠಕ್ಕೆ ಬೇರೆ ಇಲ್ಲ. ಆದರೆ ಇದು ಇಲ್ಲದೆಯೂ ಸೂತ್ರ ಅರ್ಥವಾಗುತ್ತದೆ. ನಾಲಿಗೆ ಕಚ್ಚಿಕೊಂಡು ಮೂಲೆಯಲ್ಲಿ "ಸೀರಿಯಲ್ ಸೆಟ್" ಅಂತ ಬರೆದೆ. "ನಾಳೆ ಬೆಳಗ್ಗೆ ಮೊದಲ ಕೆಲಸ ಇದೇ" ಅಂದೆ.

39. ಮೊದಲ ಲೆಕ್ಕ, ಎರಡು 10 ಓಮ್‌ಗಳದ್ದು, ಪ್ರಯೋಗದಲ್ಲಿ ನೋಡಿದ್ದೇ. ಕೂಡಿದರೆ 1/R = 2/10, ತಿರುಗಿಸಿದರೆ R = 5. ಮುಗಿಯುವಾಗ 42. ಚೌಕದ ಕಡೆ ನೋಡಿದೆ. ಕೈ ತುರಿಸುತ್ತಿತ್ತು, ನಿಜ. 4 ಮತ್ತು 12ರ ಲೆಕ್ಕ ಮಾಡಿಬಿಟ್ಟರೆ ಚೆನ್ನಾಗಿ ಕೂರುತ್ತದೆ, ಮೂರೇ ನಿಮಿಷ ಅಂತ ಒಳಗೊಂದು ಧ್ವನಿ. ಮೊದಲ ಬೆಂಚಿನ ಹುಡುಗಿಯ "ಒಂದೇ ನಿಮಿಷ ಮಿಸ್" ನೆನಪಾಯಿತು. ಬಿಟ್ಟೆ. ಗೋಡೆಯನ್ನು ಒಂದು ನಿಮಿಷ ದಾಟಿದ್ದೆ ಅಷ್ಟೆ, ಕೊನೆಯ ಖಾಲಿ 2 ನಿಮಿಷದಲ್ಲಿ ಅದು ಹೊಂದಿಕೊಂಡಿತು.

"ಪುಸ್ತಕ ಮುಚ್ಚಿ, ಚೀಟಿ ತೆಗೀರಿ." ಪ್ರಶ್ನೆ ಹೋದ ವರ್ಷದ್ದೇ, 3 ಓಮ್, 6 ಓಮ್. ಆದರೆ ಎರಡು ಭಾಗ ಮಾಡಿದ್ದೆ. ಮೊದಲು ಲೆಕ್ಕ ಮಾಡದೆ ಬರೆಯಿರಿ, ಒಟ್ಟು ರೋಧ 3ಕ್ಕಿಂತ ಜಾಸ್ತಿಯೋ ಕಮ್ಮಿಯೋ? ಆಮೇಲೆ ಲೆಕ್ಕ. 3 ನಿಮಿಷ ಪೆನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಸುಮ್ಮನೆ ಬೆಂಚುಗಳ ನಡುವೆ ಓಡಾಡಿದೆ. ಒಂದು ಸುತ್ತು ಬರುವಷ್ಟರಲ್ಲಿ 1/2 ಎಷ್ಟು ಕಡೆ ಇದೆ ಅಂತ ಗೊತ್ತಾಗಿಹೋಯಿತು. ಪಕ್ಕದವರ ಜೊತೆ ಹೋಲಿಸುವಾಗ ಸಣ್ಣ ಜಗಳಗಳು ಎದ್ದವು. ಆಮೇಲೆ ಬೋರ್ಡಿನಲ್ಲಿ ಬಿಡಿಸಿದೆ:

1/R = 1/3 + 1/6 = 3/6 = 1/2, ಆದ್ದರಿಂದ R = 2

"ಇಲ್ಲಿ ನಿಲ್ಲಿಸಿದವರು ಯಾರು?" ಅಂತ 1/2ರ ಮೇಲೆ ಬೆರಳಿಟ್ಟೆ. ಅಳುಕುತ್ತಾ ಕೈಗಳು ಎದ್ದವು. ನಾವು ಹುಡುಕುತ್ತಿದ್ದದ್ದು R, ಸಿಕ್ಕಿದ್ದು 1/R ಅಂತ ಒಬ್ಬ ಹುಡುಗನೇ ಹೇಳಿದ. ಚೀಟಿ ಒಟ್ಟು ಮಾಡುವಾಗ ಗಂಟೆ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಚೀಟಿಗಳನ್ನು ಮೂರು ಗುಡ್ಡೆ ಮಾಡಿದೆ. ಬೋರ್ಡು ನೋಡಿ ತಿದ್ದಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮೊದಲು ಬರೆದದ್ದಷ್ಟೆ. ಸರಿಯಾಗಿದ್ದದ್ದು 22. 1/2ಕ್ಕೆ ನಿಲ್ಲಿಸಿದ್ದು 15. 9 ಅಂದವರು 5. ಐದು ನಿಮಿಷದ ಕೆಲಸ. ಆ 15 ಚೀಟಿಗಳಲ್ಲಿ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಅವರೆಲ್ಲ ಮೊದಲ ಭಾಗಕ್ಕೆ "ಕಮ್ಮಿ" ಅಂತ ಸರಿಯಾಗಿಯೇ ಬರೆದಿದ್ದರು. 1/2 ಕೂಡ 3ಕ್ಕಿಂತ ಕಮ್ಮಿಯೇ ಅಲ್ವಾ. ನಾನು ಕೊಟ್ಟ ಪರೀಕ್ಷೆ 9 ಅಂದವರನ್ನು ಹಿಡಿಯುತ್ತದೆ, ಇವರನ್ನು ಹಿಡಿಯುವುದಿಲ್ಲ. ತಪ್ಪು ನನ್ನ ಪ್ರಶ್ನೆಯದ್ದು.

ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಗಣಿತದ ಮೇಷ್ಟ್ರಿಗೆ ತೋರಿಸಿದೆ. ಅವರು ಅನ್ನ ಕಲಸುತ್ತಲೇ, "6 ವೋಲ್ಟ್ ಬ್ಯಾಟರಿ ಹಾಕಿಸಮ್ಮ" ಅಂದರು. ಹೌದಲ್ಲ ಅನ್ನಿಸಿತು. 3 ಓಮ್‌ನಲ್ಲಿ 2 ಆಂಪಿಯರ್, 6 ಓಮ್‌ನಲ್ಲಿ 1 ಆಂಪಿಯರ್, ಒಟ್ಟು 3. ರೋಧ 2 ಓಮ್ ಆದರೆ 6ನ್ನು 2ರಿಂದ ಭಾಗಿಸಿದರೆ ಅದೇ 3 ಬರುತ್ತದೆ. 1/2 ಓಮ್ ಆದರೆ 12 ಆಂಪಿಯರ್ ಬರಬೇಕು. ತಪ್ಪು ತಾನಾಗಿಯೇ ಹಲ್ಲು ಕಿರಿಯುತ್ತದೆ. ಮಾರನೇ ದಿನದ ಟಿಪ್ಪಣಿಯಲ್ಲಿ ಮೊದಲ 4 ನಿಮಿಷಕ್ಕೆ ಸೀರಿಯಲ್ ಸೆಟ್, ಆಮೇಲೆ ಮನೆಗೆಲಸದ ಜಾಗದಲ್ಲಿ ಈ 6 ವೋಲ್ಟ್ ಅಂತ ಬರೆದೆ.

ಎಲ್ಲ ದಿನವೂ ಹೀಗೆ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ. ಶನಿವಾರ ಪಿರಿಯಡ್ ಚಿಕ್ಕದು. ಮೊದಮೊದಲು ಎಲ್ಲವನ್ನೂ ಒಂದೇ ಅಳತೆಯಲ್ಲಿ ಕುಗ್ಗಿಸಿ ನೋಡಿದೆ, ಯಾವುದೂ ಸರಿಯಾಗಲಿಲ್ಲ. ಚೀಟಿ ಬರೆಯಲು ಶನಿವಾರವೂ 3 ನಿಮಿಷವೇ ಬೇಕು. ಈಗ ಶನಿವಾರ ಗುಂಪು ಪ್ರಯೋಗವನ್ನೇ ಇಡುವುದಿಲ್ಲ, ಕೊನೆಯ 7 ನಿಮಿಷ ಮುಟ್ಟುವುದಿಲ್ಲ. ಊಟಕ್ಕೆ ಮುಂಚಿನ ಪಿರಿಯಡ್ ತಗೊಳ್ಳುವ ಸಮಾಜದ ಮೇಡಂ ನನ್ನ ಹಾಗೆ ಮಾಡಿ ನೋಡಿ, "ಸಾಂಬಾರಿನ ವಾಸನೆ ಬಂದ ಮೇಲೆ ಯಾರು ಚೀಟಿ ಬರೀತಾರೆ" ಅಂದರು. ಅವರು ಚೀಟಿಯನ್ನು 35ನೇ ನಿಮಿಷಕ್ಕೆ ತಂದು, ಬರೆದುಕೊಳ್ಳುವ ಕೆಲಸವನ್ನು ಕೊನೆಗೆ ತಳ್ಳಿದ್ದಾರೆ. ಅವರಿಗೆ ಅದು ಸರಿಹೋಗಿದೆ.

ನನ್ನದೂ ಮಾರನೇ ದಿನವೇ ತಪ್ಪಿತು. ಬೆಳಗ್ಗೆ ಕ್ಲಾಸಿಗೆ ಹೋದರೆ ಹಿಂದಿನ ಬೆಂಚಿನ ಹುಡುಗ ಮೇಜಿನ ಮೇಲೆ ಪ್ಲಾಸ್ಟಿಕ್ ಕವರು ಇಟ್ಟುಕೊಂಡು ಕೂತಿದ್ದ. ಒಳಗೆ ಪೆಂಡಾಲಿನಿಂದ ಇಸ್ಕೊಂಡು ಬಂದ ಕೆಟ್ಟುಹೋದ ಸೀರಿಯಲ್ ಸೆಟ್. ಪ್ಲಗ್ಗಿಗೆ ಹಾಕುವುದಿಲ್ಲ ಅಂತ ಎರಡು ಸಲ ಹೇಳಿ, ಬರೀ ತಂತಿ ಹಿಡಿದು ಒಂದು ಬಲ್ಬಿನಿಂದ ಇನ್ನೊಂದಕ್ಕೆ ಎಲ್ಲಿ ಹೋಗುತ್ತದೆ ಅಂತ ಬೆರಳಿನಲ್ಲಿ ಹುಡುಕಲು ಬಿಟ್ಟೆ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಬಾಗಿಲ ಹತ್ತಿರ, ನಡುವೆ ಇಡೀ ಕ್ಲಾಸು. ಹಿಂದಿನ ಗೋಡೆಯ ಗಡಿಯಾರ 4 ದಾಟಿತು, 10 ದಾಟಿತು. ನೋಡುತ್ತಲೇ ಇದ್ದೆ, ನಿಲ್ಲಿಸಲಿಲ್ಲ. 6 ವೋಲ್ಟಿನ ಲೆಕ್ಕ ಶುರುವಾಗುವಾಗ 17. ಅವತ್ತು ಚೌಕದೊಳಗಿದ್ದದ್ದನ್ನು ಬಿಟ್ಟರೂ ಸಾಲಲಿಲ್ಲ. ಕತ್ತರಿಸಿಟ್ಟಿದ್ದ 42 ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಮತ್ತೆ ಡ್ರಾಯರಿಗೆ ಹಾಕಿದೆ.

ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕಾಗ "ಇವತ್ತು ಎಷ್ಟಮ್ಮ?" ಅಂದರು.

"ಸೊನ್ನೆ ಸರ್," ಅಂದೆ.